ನಾನ್‌ಸ್ಟಿಕ್ ತವಾ ಯಾವಾಗ ಎಸೆಯಬೇಕು? ಖಾಲಿ ಕಾಯಿಸಿದರೆ ಏನಾಗುತ್ತದೆ?

ಪ್ರಶ್ನೆ: ನಮ್ಮದು ಮಂಡ್ಯ. ಏಳು ವರ್ಷದ ಹಿಂದೆ ಕೊಂಡ ನಾನ್‌ಸ್ಟಿಕ್ ದೋಸೆ ತವಾ ಇದೆ. ನಡುವೆ ಗೀರುಗಳು ಬಿದ್ದಿವೆ, ಅಂಚಿನ ಹತ್ತಿರ ಒಂದು ಕಡೆ ಬೆಳ್ಳಗೆ ಲೋಹ ಕಾಣುತ್ತದೆ. ಹೋದ ತಿಂಗಳು ತವಾ ಕಾಯಲಿ ಅಂತ ದೊಡ್ಡ ಉರಿಯಲ್ಲಿ ಇಟ್ಟಿದ್ದೆ. ಫೋನ್ ಬಂತು, ಹೊರಗೆ ಹೋದೆ. ವಾಪಸ್ ಬರುವಾಗ ಕಾಲು ಗಂಟೆ ಆಗಿರಬೇಕು, ಅಡುಗೆಮನೆ ತುಂಬ ಹೊಗೆ. ಪಕ್ಕದ ಊಟದ ಕೋಣೆಯ ಪಂಜರದಲ್ಲಿದ್ದ ಎರಡು ಲವ್ ಬರ್ಡ್ಸ್‌ನಲ್ಲಿ ಒಂದು ಸಂಜೆಯೊಳಗೆ ಸತ್ತುಹೋಯಿತು. ಹೊಗೆಯಲ್ಲೇ ನಿಂತು ಎಲ್ಲ ಸರಿಮಾಡಿದ ನಮ್ಮ ಯಜಮಾನರಿಗೆ ರಾತ್ರಿ ಚಳಿಜ್ವರ, ಎದೆ ಬಿಗಿತ. ಮಾರನೇ ದಿನ ಸಂಜೆಗೆ ಸರಿಹೋದರು. ಇದೆಲ್ಲ ತವಾದಿಂದಲೇ ಆಯಿತಾ? ಗೀರಿನಿಂದ ಎದ್ದ ಕಪ್ಪು ಚೂರು ಮಗುವಿನ ಹೊಟ್ಟೆಗೆ ಹೋದರೆ ಕ್ಯಾನ್ಸರ್ ಬರುತ್ತದೆ ಅಂತ ನಮ್ಮ ಅತ್ತೆ ಹೇಳುತ್ತಾರೆ. ತವಾ ಎಸೆಯಬೇಕಾ? ಕಪ್ಪನ್ನೆಲ್ಲ ಉಜ್ಜಿ ತೆಗೆದು ಬಳಸಬಹುದಾ? ಮನೆಕೆಲಸಕ್ಕೆ ಬರುವವರು ಕೇಳುತ್ತಿದ್ದಾರೆ, ಕೊಡಬಹುದಾ?

ಉತ್ತರ: ಎಸೆದುಬಿಡಿ ಮೇಡಂ. ಯಾರಿಗೂ ಕೊಡಬೇಡಿ, ಉಜ್ಜಲೂ ಹೋಗಬೇಡಿ. ಆದರೆ ಎಸೆಯುವುದಕ್ಕೆ ಮುಖ್ಯ ಕಾರಣ ಆ ಗೀರುಗಳಲ್ಲ, ಆ ಕಾಲು ಗಂಟೆ.

ನಾನು ಮೈಸೂರಿನಲ್ಲಿ ಪಾತ್ರೆಗಳಿಗೆ ನಾನ್‌ಸ್ಟಿಕ್ ಲೇಪ ಹಾಕುವ ಘಟಕದಲ್ಲಿ ಗುಣಮಟ್ಟ ಪರೀಕ್ಷೆ ನೋಡಿಕೊಳ್ಳುತ್ತಿದ್ದವನು. ಗೀರು ಬಿದ್ದ ತವಾ ತಂದು ತೋರಿಸಿ, ಹೆದರಿಕೊಂಡು ಕೇಳಿದವರು ಬಹಳ ಜನ. ಖಾಲಿ ತವಾವನ್ನು ದೊಡ್ಡ ಉರಿಯಲ್ಲಿ ಕಾಯಿಸುತ್ತೇನೆ, ಪರವಾಗಿಲ್ವಾ ಎಂದು ತಾವಾಗಿ ಕೇಳಿದವರು ತೀರಾ ಕಡಿಮೆ. ಭಯಪಡಬೇಕಾದದ್ದು ಎರಡನೆಯದಕ್ಕೆ.

ಮೊದಲು ಆ ಕಪ್ಪು ಪದರ ಏನು ಅಂತ ನೋಡೋಣ. ಅದರ ಹೆಸರು ಪಿಟಿಎಫ್‌ಇ, ಟೆಫ್ಲಾನ್ ಎಂದು ಎಲ್ಲರಿಗೂ ಗೊತ್ತಿರುವ ವಸ್ತು. ತವಾ ಮಾಡುವಾಗ ಅಲ್ಯೂಮಿನಿಯಂ ತಟ್ಟೆಯ ಮೇಲೆ ಒರಟು ಪುಡಿಯನ್ನು ರಭಸದಿಂದ ಹೊಡೆದು ಮೇಲ್ಮೈಯನ್ನು ತರಿತರಿ ಮಾಡುತ್ತಾರೆ. ಟೆಫ್ಲಾನ್‌ಗೆ ಯಾವುದೂ ಅಂಟುವುದಿಲ್ಲ, ಹಾಗಾಗಿ ಅದನ್ನು ಲೋಹಕ್ಕೆ ಅಂಟಿಸುವುದೇ ಕಷ್ಟ. ಅದಕ್ಕೆ ಕೆಳಗೊಂದು ಪ್ರೈಮರ್, ಅದರ ಮೇಲೆ ಇನ್ನೊಂದೆರಡು ಪದರ ಹಾಕಿ, ಓವನ್‌ನಲ್ಲಿ 400 ಡಿಗ್ರಿ ದಾಟಿಸಿ ಕೆಲವೇ ನಿಮಿಷ ಬೇಯಿಸುತ್ತಾರೆ. ಇಷ್ಟೆಲ್ಲ ಆದ ಮೇಲೂ ಸಾಮಾನ್ಯ ತವಾದಲ್ಲಿ ಆ ಪದರ ತಲೆಗೂದಲಿನಷ್ಟು ದಪ್ಪ ಇರುವುದಿಲ್ಲ. ಸ್ಟೀಲ್ ಸೌಟಿಗೆ ಅದು ಬೇಗ ಸೋಲುವುದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಕಾರ್ಖಾನೆಯಲ್ಲಿ 400 ಡಿಗ್ರಿ ತಡೆದದ್ದಕ್ಕೆ ಮನೆಯಲ್ಲಿ ಏನಾಗುತ್ತದೆ? ಕಾರ್ಖಾನೆಯಲ್ಲಿ ಆ ಶಾಖ ಲೆಕ್ಕ ಹಾಕಿದಷ್ಟೇ ನಿಮಿಷ ಇರುತ್ತದೆ, ಓವನ್‌ನ ಹೊಗೆಯನ್ನು ದೊಡ್ಡ ಫ್ಯಾನ್ ಎಳೆದು ಹೊರಗೆ ಬಿಡುತ್ತದೆ. ಅಲ್ಲಿ ನಿಂತು ಯಾರೂ ಉಸಿರಾಡುವುದಿಲ್ಲ. ನಿಮ್ಮ ಅಡುಗೆಮನೆಯಲ್ಲಿ ಇವೆರಡೂ ಇರಲಿಲ್ಲ.

ಟೆಫ್ಲಾನ್ ಲೇಪವನ್ನು ದಿನಬಳಕೆಯಲ್ಲಿ 260 ಡಿಗ್ರಿ ದಾಟಿಸಬಾರದು ಎನ್ನುವುದು ಅದನ್ನು ಮಾಡುವವರೇ ಹೇಳುವ ಮಿತಿ. 327 ಡಿಗ್ರಿಗೆ ಅದು ಕರಗಲು ಶುರುವಾಗುತ್ತದೆ. 350ರ ಮೇಲೆ ಹೋದರೆ ಜೋರಾಗಿ ಒಡೆಯುತ್ತದೆ. ಒಡೆದಾಗ ಅತಿ ಸಣ್ಣ ಕಣಗಳೂ ಫ್ಲೋರಿನ್ ಸೇರಿದ ಕೆಲವು ವಿಷಾನಿಲಗಳೂ ಗಾಳಿಗೆ ಸೇರುತ್ತವೆ. ಶುರುವಿನಲ್ಲಿ ಇದು ಕಣ್ಣಿಗೆ ಕಾಣದೆ ಇರಬಹುದು, ವಾಸನೆಯೂ ಗೊತ್ತಾಗದೆ ಇರಬಹುದು. ನೀವು ನೋಡಿದ ದಟ್ಟ ಹೊಗೆಯಲ್ಲಿ ತವಾಗೆ ಹಿಡಿದಿದ್ದ ಹಳೇ ಎಣ್ಣೆ ಜಿಡ್ಡಿನ ಪಾಲೂ ಇದ್ದೇ ಇರುತ್ತದೆ.

ಈಗ ನಿಮ್ಮ ಮನೆಯಲ್ಲಿ ಆದದ್ದನ್ನು ಲೆಕ್ಕ ಹಾಕೋಣ. ದೋಸೆ ತವಾ ಅಗಲ, ತೆಳು. ಮೇಲೆ ಹಿಟ್ಟಿಲ್ಲ, ಎಣ್ಣೆಯಿಲ್ಲ. ಇಂಥ ತವಾ ಗ್ಯಾಸ್ ಒಲೆಯ ದೊಡ್ಡ ಬರ್ನರ್ ಮೇಲೆ ಪೂರ್ತಿ ಉರಿಯಲ್ಲಿದ್ದರೆ ಮೂರ್ನಾಲ್ಕು ನಿಮಿಷದಲ್ಲಿ 260 ಡಿಗ್ರಿ ದಾಟಬಹುದು. ಕಾಲು ಗಂಟೆ ಅಂದರೆ ಮಿತಿ ಮೀರಿ ಹತ್ತು ನಿಮಿಷದ ಮೇಲಾಯಿತು. ಅಷ್ಟು ಹೊತ್ತು ನಿಮ್ಮ ತವಾದ ಲೇಪ ಸುಡುತ್ತಲೇ ಇತ್ತು.

ಅದೇ ತವಾದ ಮೇಲೆ ದೋಸೆ ಹುಯ್ದಿದ್ದರೆ ಕಥೆ ಬೇರೆ. ಹಿಟ್ಟಿನಲ್ಲಿರುವ ನೀರು ಆವಿಯಾಗುತ್ತಾ ತವಾದ ಶಾಖವನ್ನು ಎಳೆದುಕೊಳ್ಳುತ್ತದೆ. ಹಿಟ್ಟು ಹಸಿಯಾಗಿರುವ ತನಕ ತವಾ ಹದ್ದು ಮೀರುವುದಿಲ್ಲ. ಎಣ್ಣೆಯೂ ಕಾವಲುಗಾರನೇ. ರಿಫೈನ್ಡ್ ಕಡಲೆಕಾಯಿ ಎಣ್ಣೆ ಸುಮಾರು 230 ಡಿಗ್ರಿಗೆ ಹೊಗೆಯಾಡಲು ಶುರುಮಾಡುತ್ತದೆ, ಅಂದರೆ ಲೇಪ ಕೆಡುವ ಮುಂಚೆಯೇ ನಿಮ್ಮನ್ನು ಎಚ್ಚರಿಸುತ್ತದೆ. ಗಾಣದ ಎಣ್ಣೆ ಇನ್ನೂ ಮೊದಲೇ ಹೊಗೆಯಾಡುತ್ತದೆ. ಖಾಲಿ ತವಾದಲ್ಲಿ ಹೀಗೆ ಎಚ್ಚರಿಸುವುದು ಯಾವುದೂ ಇಲ್ಲ.

ಹಕ್ಕಿಯ ವಿಷಯ. ನಿಮಗೆ ಬೇಸರವಾಗುತ್ತದೆ, ಆದರೂ ಹೇಳಬೇಕು. ಅದು ಸತ್ತದ್ದು ತವಾದ ಹೊಗೆಯಿಂದಲೇ ಇರುವ ಸಾಧ್ಯತೆ ತುಂಬಾ ಜಾಸ್ತಿ. ಹಕ್ಕಿಗಳ ಉಸಿರಾಟ ನಮ್ಮಂತಲ್ಲ. ಅವುಗಳ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿನಲ್ಲಿ ಹರಿಯುತ್ತಲೇ ಇರುತ್ತದೆ. ಗಾಳಿಯಲ್ಲಿರುವ ಆಮ್ಲಜನಕವನ್ನು ಎಷ್ಟು ಚೆನ್ನಾಗಿ ಹೀರಿಕೊಳ್ಳುತ್ತವೋ ವಿಷವನ್ನೂ ಅಷ್ಟೇ ಚೆನ್ನಾಗಿ ಹೀರಿಕೊಳ್ಳುತ್ತವೆ. ಮೈಯೂ ಪುಟ್ಟದು. ಮಿತಿಮೀರಿ ಕಾದ ಟೆಫ್ಲಾನ್‌ನಿಂದ ಗಿಳಿ, ಲವ್ ಬರ್ಡ್ಸ್ ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಸಾಯುವುದು ಪಶುವೈದ್ಯರಿಗೆ ದಶಕಗಳಿಂದ ಗೊತ್ತಿರುವ ಸಂಗತಿ. ಅದೇ ಪಂಜರದ ಇನ್ನೊಂದು ಹಕ್ಕಿ ಉಳಿಯಿತಲ್ಲ ಎಂದು ನಿಮಗೆ ಅನುಮಾನ ಬರಬಹುದು. ಒಂದೇ ಗಾಳಿ ಕುಡಿದ ಎರಡಕ್ಕೂ ಪೆಟ್ಟು ಒಂದೇ ಥರ ಬೀಳಬೇಕು ಅಂತೇನಿಲ್ಲ. ಉಳಿದದ್ದು ಬಾಯಿ ತೆರೆದು ಉಸಿರಾಡುತ್ತಿದ್ದರೆ, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡಿಸುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ. ಪಂಜರವನ್ನು ಅಡುಗೆಮನೆಯಿಂದ ದೂರದ ಕೋಣೆಗೆ ಈಗಲೇ ಸಾಗಿಸಿ. ಮನೆಯಲ್ಲಿ ಹಕ್ಕಿ ಇದ್ದರೆ ಟೆಫ್ಲಾನ್ ಪಾತ್ರೆಯೇ ಬೇಡ ಎನ್ನುವವರ ಮಾತು ಅತಿಯಲ್ಲ, ನಾನೂ ಅದನ್ನೇ ಹೇಳುತ್ತೇನೆ.

ಇನ್ನು ನಿಮ್ಮ ಯಜಮಾನರ ಜ್ವರ. ಇದಕ್ಕೆ ವೈದ್ಯರು ಪಾಲಿಮರ್ ಹೊಗೆ ಜ್ವರ ಅನ್ನುತ್ತಾರೆ. ಟೆಫ್ಲಾನ್ ಹೊಗೆ ಕುಡಿದ ಕೆಲವು ಗಂಟೆಗಳ ನಂತರ, ಸಾಮಾನ್ಯವಾಗಿ ನಾಲ್ಕರಿಂದ ಎಂಟು ಗಂಟೆಯೊಳಗೆ, ಚಳಿ, ಜ್ವರ, ಮೈಕೈ ನೋವು, ಒಣ ಕೆಮ್ಮು, ಎದೆ ಬಿಗಿತ ಶುರುವಾಗುತ್ತದೆ. ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ಹೊಗೆಯಲ್ಲಿ ನಿಂತದ್ದು, ಅದೇ ರಾತ್ರಿ ಚಳಿ ಬಂದದ್ದು, ಮಾರನೇ ಸಂಜೆಗೆ ಬಿಟ್ಟದ್ದು, ಈ ಮೂರೂ ಅದಕ್ಕೆ ಸರಿಯಾಗಿ ಕೂಡುತ್ತವೆ. ಇದನ್ನು ತೋರಿಸುವ ರಕ್ತಪರೀಕ್ಷೆ ಇಲ್ಲ. ಆದ ಸಂಗತಿಯ ಹೊಂದಿಕೆಯಿಂದಲೇ ತಿಳಿಯಬೇಕು. ಹಾಗಾಗಿ ಡಾಕ್ಟರ್ ಹತ್ತಿರ ಹೋದಾಗ ತವಾ ಸುಟ್ಟ ವಿಷಯವನ್ನು ಬಾಯಿಬಿಟ್ಟು ಹೇಳಬೇಕು, ಹೇಳದಿದ್ದರೆ ಅವರಿಗೆ ವೈರಲ್ ಜ್ವರವೇ ಕಾಣುತ್ತದೆ.

ಉಲ್ಟಾ ತಪ್ಪೂ ಆಗಬಾರದು. ಜ್ವರ ಎರಡು ದಿನ ದಾಟಿದರೆ ಅದನ್ನು ತವಾ ತಲೆಗೆ ಕಟ್ಟಿ ಸುಮ್ನೆ ಕೂರಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಡೆಂಗಿಯೂ ಚಳಿ, ಮೈಕೈ ನೋವಿನಿಂದಲೇ ಶುರುವಾಗುತ್ತದೆ. ಉಸಿರು ಕಟ್ಟಿದಂತಾದರೆ, ಆಸ್ತಮಾ ಇರುವವರು ಇಂಥ ಹೊಗೆ ಕುಡಿದಿದ್ದರೆ, ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಅಪರೂಪಕ್ಕೆ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡ ಉದಾಹರಣೆಗಳೂ ಇವೆ. ಅವು ಹೆಚ್ಚಾಗಿ ಪಾತ್ರೆ ಗಂಟೆಗಟ್ಟಲೆ ಸುಟ್ಟಾಗ ಆದವು. ಒಂದು ಮಾತು ನೆನಪಿಡಿ. ಹೀಗಾದಾಗ ಮೊದಲು ಗ್ಯಾಸ್ ಆರಿಸಿ, ಕಿಟಕಿ ಬಾಗಿಲು ತೆರೆದು, ಮನೆಯವರೆಲ್ಲ ಹೊರಗೆ ಬನ್ನಿ. ಹೊಗೆ ಪೂರ್ತಿ ಹೋದ ಮೇಲೆ ತೊಳೆಯುವ ಕೆಲಸ. ಕಾದ ತವಾವನ್ನು ನಲ್ಲಿ ಕೆಳಗೆ ಹಿಡಿಯಬೇಡಿ, ಇದ್ದಲ್ಲೇ ಆರಲಿ.

ನಿಮ್ಮ ಅತ್ತೆಯವರ ಮಾತಿಗೆ ಬರೋಣ. ಅದು ಗಾಳಿಮಾತಲ್ಲ, ಅದರ ಹಿಂದೆ ಒಂದು ನಿಜ ಇದೆ. ಹಿಂದೆ ಟೆಫ್ಲಾನ್ ತಯಾರಿಸುವಾಗ ಪಿಎಫ್‌ಒಎ ಎಂಬ ರಾಸಾಯನಿಕ ಬಳಸುತ್ತಿದ್ದರು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. 2019ರಲ್ಲೇ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಅದನ್ನು ನಿಲ್ಲಿಸಬೇಕಾದ ವಸ್ತುಗಳ ಪಟ್ಟಿಗೆ ಹಾಕಿದ್ದರು. ಆದರೆ ಪಿಎಫ್‌ಒಎಯಿಂದ ದೊಡ್ಡ ಪೆಟ್ಟು ತಿಂದವರು ಅದನ್ನು ತಯಾರಿಸುವ, ಬಳಸುವ ಕಾರ್ಖಾನೆಗಳ ಕಾರ್ಮಿಕರು ಮತ್ತು ಆ ಸುತ್ತಿನ ನೀರು ಕುಡಿದವರು. ತವಾದ ಮೇಲೆ ಹಾಕಿದ ಪಿಎಫ್‌ಒಎ ಓವನ್‌ನ ಆ 400 ಡಿಗ್ರಿಯಲ್ಲೇ ಬಹುಪಾಲು ಹೊರಟುಹೋಗುತ್ತದೆ, ಉಳಿದರೆ ತೀರಾ ಅಲ್ಪ. ಈಗಿನ ಡಬ್ಬಿಗಳ ಮೇಲೆ ಪಿಎಫ್‌ಒಎ ಇಲ್ಲ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅಷ್ಟಕ್ಕೇ ಅದರಲ್ಲಿ ಟೆಫ್ಲಾನ್ ಇಲ್ಲ ಅಂದುಕೊಳ್ಳಬೇಡಿ. ಟೆಫ್ಲಾನ್ ಇದ್ದೇ ಇರುತ್ತದೆ, ಅತಿಯಾಗಿ ಕಾದರೆ ಅದೇ ಹೊಗೆ ಬಿಡುತ್ತದೆ.

ಮಗು ನುಂಗಿದ ಕಪ್ಪು ಚೂರಿಗೆ ಹೆದರಬೇಕಾಗಿಲ್ಲ. ಟೆಫ್ಲಾನ್ ಹೊಟ್ಟೆಯ ಆಮ್ಲದಲ್ಲಿ ಕರಗುವುದಿಲ್ಲ, ಕಣ್ಣಿಗೆ ಕಾಣುವಷ್ಟು ದೊಡ್ಡ ಚೂರು ಬಂದಂತೆಯೇ ಹೊರಗೆ ಹೋಗುತ್ತದೆ. ಹಾಗಂತ ತಿನ್ನುತ್ತಲೇ ಇರಬಹುದು ಅಂತಲ್ಲ. 2022ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಗೀರು ಬಿದ್ದ, ಲೇಪ ಕಿತ್ತ ಪಾತ್ರೆಗಳಿಂದ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಕಣಗಳು ಸಾವಿರ ಲಕ್ಷಗಳ ಲೆಕ್ಕದಲ್ಲಿ ಉದುರಬಹುದು ಎಂದು ತೋರಿಸಿದರು. ಅಷ್ಟು ಸಣ್ಣ ಕಣಗಳು ಮೈಯೊಳಗೆ ಏನು ಮಾಡುತ್ತವೆ ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ. ತಿಂದದ್ದಕ್ಕೆ ಚಿಂತೆ ಬೇಡ, ಇನ್ನು ಮುಂದೆ ತಿನ್ನುವ ಅಗತ್ಯವೂ ಇಲ್ಲ.

ಹಾಗಾದರೆ ಗೀರು ಎಲ್ಲಿಯವರೆಗೆ ಪರವಾಗಿಲ್ಲ? ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವ, ಉಗುರು ಎಳೆದರೆ ಸಿಕ್ಕದ ಸಣ್ಣ ಗೆರೆಗಳಿದ್ದರೆ ತವಾ ಬಳಸುತ್ತಾ ಇರಬಹುದು. ಉಗುರು ಸಿಕ್ಕಿಕೊಂಡರೆ ಮುಂದಿನ ಪರೀಕ್ಷೆ ಮಾಡಿ. ತವಾವನ್ನು ಕಾಲು ಗಂಟೆ ಬಿಸಿನೀರಿನಲ್ಲಿ ನೆನೆಸಿ, ಚೆನ್ನಾಗಿ ಒರೆಸಿ ಒಣಗಿಸಿ. ಗೀರಿನ ಮೇಲೆ ಸೆಲೋ ಟೇಪ್ ಒತ್ತಿ ಅಂಟಿಸಿ, ರಪ್ಪನೆ ಕೀಳಿ. ಬೇರೆ ತುಂಡು ಟೇಪ್‌ನಿಂದ ಇನ್ನೆರಡು ಸಲ ಮಾಡಿ. ಬಿಳಿ ಕಾಗದದ ಮೇಲೆ ಟೇಪ್ ಇಟ್ಟು ನೋಡಿ. ಕಪ್ಪು ಚುಕ್ಕೆ, ಪೊರೆ ಬಂದಿದ್ದರೆ ಲೇಪದ ಹಿಡಿತ ಹೋಗಿದೆ. ಗೀರಿನಿಂದ ನೀರು, ಉಪ್ಪು ಒಳಗೆ ಇಳಿದು ಕೆಳಗಿನಿಂದ ಲೇಪ ಎಬ್ಬಿಸುತ್ತಿದೆ ಎಂದರ್ಥ. ಇದನ್ನೇ ನಾವು ಕಾರ್ಖಾನೆಯಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಿ ಮಾಡುತ್ತಿದ್ದೆವು. ಅಲ್ಲಿ ಬ್ಲೇಡಿನಿಂದ ಚೌಕಚೌಕ ಗೆರೆ ಎಳೆದು ಆಮೇಲೆ ಟೇಪ್ ಹಾಕುತ್ತೇವೆ. ಮನೆಯಲ್ಲಿ ಬ್ಲೇಡ್ ಬೇಡ, ಇರುವ ಗೀರೇ ಸಾಕು. ಟೇಪಿಗೆ ಏನೂ ಬರಲಿಲ್ಲ ಅಂದ ಮಾತ್ರಕ್ಕೆ ತವಾ ಪಾಸಾಯಿತು ಅಂತಲ್ಲ, ಟೇಪ್ ಕೂಡ ಟೆಫ್ಲಾನ್‌ಗೆ ಸರಿಯಾಗಿ ಅಂಟುವುದಿಲ್ಲ. ಬಂದರೆ ಮಾತ್ರ ಅದು ಖಚಿತವಾದ ಫೇಲು.

ಪರೀಕ್ಷೆಯೇ ಬೇಡದ ಲಕ್ಷಣಗಳೂ ಇವೆ. ಲೇಪ ಗುಳ್ಳೆ ಎದ್ದಿದ್ದರೆ, ಪೊರೆಯಾಗಿ ಏಳುತ್ತಿದ್ದರೆ, ಲೋಹ ಬಿಳಿಯಾಗಿ ಕಾಣುತ್ತಿದ್ದರೆ ಮುಗಿಯಿತು. ನಡುವಿನ ಭಾಗ ಕಪ್ಪು ಹೊಳಪು ಕಳೆದುಕೊಂಡು ಕಂದು ಅಥವಾ ಬೂದು ಬಣ್ಣಕ್ಕೆ ತಿರುಗಿದ್ದರೆ ಅದು ಒಮ್ಮೆಯಾದರೂ ಚೆನ್ನಾಗಿ ಸುಟ್ಟ ಗುರುತು. ಒಲೆಯ ಮೇಲೆ ಇಟ್ಟಾಗ ತವಾ ಅಲ್ಲಾಡಿದರೆ ಅಡಿ ಸೊಟ್ಟಗಾಗಿದೆ, ಒಂದೇ ಜಾಗದಲ್ಲಿ ಶಾಖ ಏರುತ್ತದೆ. ನೀವು ಬರೆದಿರುವ ತವಾದಲ್ಲಿ ಲೋಹ ಕಂಡಿದೆ, ಸುಟ್ಟೂ ಆಗಿದೆ. ಅದಕ್ಕೆ ಟೇಪಿನ ಖರ್ಚೂ ದಂಡ.

ಉಜ್ಜಿ ತೆಗೆಯುವ ಯೋಚನೆ ಮಾತ್ರ ಬಿಡಿ. ಉಪ್ಪುಕಾಗದದಿಂದ ಉಜ್ಜಿದರೆ ಏಳುವುದು ಟೆಫ್ಲಾನ್ ಧೂಳು. ಅದನ್ನು ಉಸಿರಾಡುತ್ತೀರಿ, ತರಿತರಿ ಲೋಹದ ಸಂದಿಯಲ್ಲಿ ಸೇರಿಕೊಂಡದ್ದು ಹೋಗುವುದೂ ಇಲ್ಲ. ಎಲ್ಲ ಹೋಯಿತು ಅಂತಲೇ ಇಟ್ಟುಕೊಳ್ಳಿ, ಉಳಿಯುವುದು ಬರಿ ಅಲ್ಯೂಮಿನಿಯಂ. ದೋಸೆ ಹಿಟ್ಟು ಹುಳಿ ಬಂದಿರುತ್ತದೆ, ಹುಣಸೆಹುಳಿ ಗೊಜ್ಜು, ಟೊಮೇಟೊ ಸಾರು ಇನ್ನೂ ಹುಳಿ. ಹುಳಿಗೆ ಅಲ್ಯೂಮಿನಿಯಂ ಸ್ವಲ್ಪಸ್ವಲ್ಪ ಬಿಡುತ್ತದೆ. ಗಟ್ಟಿಮುಟ್ಟಾದವರಿಗೆ ಅದು ದೊಡ್ಡ ವಿಷಯವಲ್ಲ, ಕಿಡ್ನಿ ತೊಂದರೆ ಇರುವವರು ಮನೆಯಲ್ಲಿದ್ದರೆ ದೂರವಿಡಬೇಕು. ಮತ್ತೆ ಕೋಟಿಂಗ್ ಹಾಕಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಯಾವ ಲೇಪ, ಎಷ್ಟು ಡಿಗ್ರಿಯಲ್ಲಿ ಬೇಯಿಸುತ್ತಾರೆ ಎಂದು ಅವರು ಹೇಳಲಾರದಿದ್ದರೆ ಆ ದುಡ್ಡಿಗೆ ಹೊಸ ತವಾವೇ ವಾಸಿ.

ಈಗ ಇದೆಲ್ಲದರ ಬೇರಿಗೆ ಬರುತ್ತೇನೆ. ನೀವು ಖಾಲಿ ತವಾವನ್ನು ದೊಡ್ಡ ಉರಿಗೆ ಇಟ್ಟದ್ದು ಅಜಾಗರೂಕತೆಯಿಂದ ಅಲ್ಲ, ಅಭ್ಯಾಸದಿಂದ. ನಮ್ಮ ಕಡೆ ದೋಸೆ ಅಂದರೆ ಕಬ್ಬಿಣದ ಕಾವಲಿ. ಅದನ್ನು ಚೆನ್ನಾಗಿ ಕಾಯಿಸಬೇಕು, ನೀರು ಚಿಮುಕಿಸಿದರೆ ಚುರ್ ಅನ್ನಬೇಕು, ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರಬೇಕು, ಆಮೇಲೆ ಹಿಟ್ಟು. ಕಬ್ಬಿಣಕ್ಕೆ ಈ ಕ್ರಮ ನೂರಕ್ಕೆ ನೂರು ಸರಿ. ಕಾವಲಿ ಹೋಗಿ ನಾನ್‌ಸ್ಟಿಕ್ ಬಂತು, ಕ್ರಮ ಮಾತ್ರ ಹಾಗೇ ಉಳಿಯಿತು. ನಾನ್‌ಸ್ಟಿಕ್‌ನಲ್ಲಿ ನೀರಿನ ಹನಿ ತಣ್ಣಗಿರುವಾಗಲೂ ಮುತ್ತಿನಂತೆ ಉರುಳುತ್ತದೆ, ಹಾಗಾಗಿ ಅದನ್ನು ನೋಡಿ ಕಾವು ಅಳೆಯುವುದು ಕಷ್ಟ. ಕಾದ ತವಾಕ್ಕೆ ತಣ್ಣೀರು ಬಿದ್ದರೆ ಅಡಿ ಸೊಟ್ಟಗಾಗುತ್ತದೆ, ಲೇಪ ಸಡಿಲವಾಗುತ್ತದೆ.

ಮತ್ತೆ ನಾನ್‌ಸ್ಟಿಕ್ಕೇ ಬೇಕೆಂದರೆ ಕೊಳ್ಳಬಹುದು, ಹಕ್ಕಿ ಇರುವ ಮನೆಗೆ ನನ್ನ ಮನಸ್ಸು ಒಪ್ಪದಿದ್ದರೂ. ಅಡಿ ದಪ್ಪ ಇರುವುದನ್ನು ನೋಡಿ, ಕೈಗೆ ಭಾರ ಅನ್ನಿಸಬೇಕು. ತಣ್ಣನೆ ತವಾಕ್ಕೆ ಮೊದಲೇ ನಾಲ್ಕು ಹನಿ ಎಣ್ಣೆ ಸವರಿ, ಮಧ್ಯಮ ಉರಿಯಲ್ಲಿ ಇಟ್ಟು, ಎರಡು ನಿಮಿಷದೊಳಗೆ ಹಿಟ್ಟು ಹುಯ್ಯಿರಿ. ಎಣ್ಣೆ ಹೊಗೆಯಾಡಿದರೆ ಉರಿ ಇಳಿಸಿ. ಒಂದು ದೋಸೆ ತೆಗೆದು ಇನ್ನೊಂದು ಹುಯ್ಯುವ ನಡುವೆ ಚಟ್ನಿಗೆ ಒಗ್ಗರಣೆ ಹಾಕಲು ಹೋಗುವುದಿದ್ದರೆ ಗ್ಯಾಸ್ ಆರಿಸಿ ಹೋಗಿ. ಹುಳಿಪುಡಿಗೆ ಮೆಣಸಿನಕಾಯಿ, ಕೊತ್ತಂಬರಿ ಬೀಜ ಹುರಿಯಲು ಬೇರೆ ಬಾಣಲೆ ಇಟ್ಟುಕೊಳ್ಳಿ. ಒಣಗಿದ್ದನ್ನು ಹುರಿಯುವಾಗ ಶಾಖ ಹೀರಲು ನೀರಿರುವುದಿಲ್ಲ.

ಸೆರಾಮಿಕ್ ಲೇಪದ ತವಾದಲ್ಲಿ ಟೆಫ್ಲಾನ್ ಇಲ್ಲ, ಈ ಹೊಗೆಯ ಭಯವೂ ಇಲ್ಲ. ಆದರೆ ಜಾರುವ ಗುಣ ಬೇಗ ಹೋಗುತ್ತದೆ. ದಿನಾ ದೋಸೆ ಹುಯ್ಯುವ ಮನೆಯಲ್ಲಿ ಒಂದೆರಡು ವರ್ಷ ಬಂದರೆ ಅದೇ ಹೆಚ್ಚು.

ನಿಮ್ಮ ಮನೆಗೆ ನನ್ನ ಆಯ್ಕೆ ಬೀಡುಕಬ್ಬಿಣದ ಕಾವಲಿ. ದೇವರಾಜ ಮಾರುಕಟ್ಟೆ ಸುತ್ತಮುತ್ತಲಿನ ಪಾತ್ರೆ ಅಂಗಡಿಗಳಲ್ಲಿ ಸಿಗುತ್ತದೆ, ಮಂಡ್ಯದಲ್ಲೂ ಸಿಗದೆ ಇರುವುದಿಲ್ಲ. ಮೊದಲ ದಿನ ಚೆನ್ನಾಗಿ ತೊಳೆದು, ಸಣ್ಣ ಉರಿಯಲ್ಲಿ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಹೊಗೆ ಬರುವ ತನಕ ಕಾಯಿಸಿ, ಆರಿಸಿ. ಇದನ್ನು ನಾಲ್ಕೈದು ಸಲ ಮಾಡಿದರೆ ಪದರ ಕೂರುತ್ತದೆ. ಇದು ಕಿಟಕಿ ತೆರೆದು ಮಾಡುವ ಕೆಲಸ, ಎಣ್ಣೆಯ ಹೊಗೆಯೂ ಹಕ್ಕಿಗೆ ಒಳ್ಳೆಯದಲ್ಲ. ಮೊದಮೊದಲು ದೋಸೆ ಕಿತ್ತುಬರುತ್ತದೆ, ಎಣ್ಣೆ ಜಾಸ್ತಿ ಬೇಕಾಗುತ್ತದೆ. ಭಾರ ಇರುವುದರಿಂದ ಅತ್ತೆಯವರ ಮಣಿಕಟ್ಟಿಗೆ ತೊಂದರೆ ಆಗಬಹುದು, ಎರಡು ಹಿಡಿ ಇರುವುದನ್ನು ತನ್ನಿ. ಇಲ್ಲಿ ಗೀರು ಬಿದ್ದರೂ ಮತ್ತೆ ಎಣ್ಣೆ ಸವರಿ ಕಾಯಿಸಿದರೆ ಸರಿಹೋಗುತ್ತದೆ. ದೊಡ್ಡ ಉರಿಯಲ್ಲಿ ಇಟ್ಟು ಫೋನಿಗೆ ಹೋದರೆ ಹಾಳಾಗುವುದು ಎಣ್ಣೆಯ ಪದರ ಮಾತ್ರ.

ಹಳೇ ತವಾ ಕೇಳಿದವರಿಗೆ ಕೊಡಬಾರದು ಅಂದೆನಲ್ಲ, ಅದಕ್ಕೆ ಇನ್ನೊಂದು ಕಾರಣವೂ ಇದೆ. ಅದು ಸೌದೆ ಒಲೆಯ ಮೇಲೆ ಕೂರುವ ಸಾಧ್ಯತೆ ಇದೆ. ಸೌದೆ ಉರಿಯನ್ನು ತಿರುಗಿಸಿ ಸಣ್ಣದು ಮಾಡುವ ಗುಂಡಿ ಇರುವುದಿಲ್ಲ. ಅವರಿಗೆ ಕೊಡುವ ಮನಸ್ಸಿದ್ದರೆ ಸಣ್ಣದೊಂದು ಕಬ್ಬಿಣದ ಕಾವಲಿ ಕೊಡಿ. ಇದನ್ನು ಹಿಡಿ ಬಿಚ್ಚಿ ಗುಜರಿಗೆ ಹಾಕಿ, ಅಲ್ಯೂಮಿನಿಯಂಗೆ ಬೆಲೆ ಇದೆ. ಕಸದ ಜೊತೆ ಸುಡಬೇಡಿ, ಹಂಡೆ ಒಲೆಗೂ ಹಾಕಬೇಡಿ. ಇಟ್ಟುಕೊಳ್ಳಲೇಬೇಕು ಅನ್ನಿಸಿದರೆ ಹೂಕುಂಡದ ಕೆಳಗೆ ನೀರು ಹಿಡಿಯಲು ಇಡಿ. ತಣ್ಣಗಿರುವ ತನಕ ಅದರಿಂದ ಯಾರಿಗೂ ತೊಂದರೆಯಿಲ್ಲ.